ಬ್ರೋಷರಿನಲ್ಲಿ ಲಾಂಚು, ವೆಬ್‌ಸೈಟಿನಲ್ಲಿ ಸೇತುವೆ

ಒಂದು ಸಂಸ್ಥೆ ತನ್ನ ಬಗ್ಗೆ ತಾನೇ ಬರೆದು ಹಂಚಿದ ಎಲ್ಲ ಮಾತುಗಳನ್ನೂ ಒಂದೆಡೆ ಕೂಡಿಹಾಕಿ, ಯಾವುದು ಹಳತಾಗಿದೆ, ಯಾವುದು ಎರಡು ಮೂರು ಕಡೆ ಪುನರಾವರ್ತನೆಯಾಗಿದೆ, ಯಾವುದು ಮತ್ತೊಂದಕ್ಕೆ ವಿರುದ್ಧವಾಗಿದೆ ಎಂದು ಪತ್ತೆಹಚ್ಚುವ ಕೆಲಸಕ್ಕೆ ಕಂಟೆಂಟ್ ಆಡಿಟ್ ಎನ್ನುತ್ತಾರೆ. ಹೆಸರು ಕೇಳಿದರೆ ದೊಡ್ಡ ಕಂಪನಿಗಳ ವ್ಯವಹಾರವೆನಿಸಬಹುದು. ಆದರೆ ಒಂದು ವೆಬ್‌ಸೈಟು, ಒಂದು ಬ್ರೋಷರು, ಒಂದು ಫೇಸ್‌ಬುಕ್ ಪುಟ ಇರುವ ಯಾವ ಅಂಗಡಿ, ಶಾಲೆ, ನರ್ಸಿಂಗ್ ಹೋಮಿಗಾದರೂ ಇದರ ಅಗತ್ಯ ಬರುತ್ತದೆ. ಈ ಮೂರನ್ನೂ ಬರೆದವರು ಸಾಮಾನ್ಯವಾಗಿ ಮೂರು ಬೇರೆ ಬೇರೆ ಜನ, ಅದೂ ಮೂರು ಬೇರೆ ಬೇರೆ ವರ್ಷಗಳಲ್ಲಿ. ವೆಬ್‌ಸೈಟನ್ನು ಯಾರೋ ಡಿಸೈನರ್ ಮಾಡಿಕೊಟ್ಟಿರುತ್ತಾನೆ, ಬ್ರೋಷರಿನ ವಾಕ್ಯಗಳನ್ನು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೂತು ಹೊಂದಿಸಿರುತ್ತಾರೆ, ಇನ್‌ಸ್ಟಾಗ್ರಾಮನ್ನು ಮನೆಯ ಹುಡುಗರು ನೋಡಿಕೊಳ್ಳುತ್ತಾರೆ. ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಓದುವವನು ಗ್ರಾಹಕನೊಬ್ಬನೇ.

ಈ ಕೆಲಸಕ್ಕೆ ಕೂರುವವರು ಮೊದಲು ತಪ್ಪುವುದು ಇಲ್ಲಿಯೇ: ಅವರು ಪುಟಗಳನ್ನು ಎಣಿಸುತ್ತಾರೆ. ‘ನಮ್ಮ ಬಗ್ಗೆ’ ಪುಟ ಸರಿಯಿದೆ, ‘ಸಂಪರ್ಕಿಸಿ’ ಪುಟ ಸರಿಯಿದೆ ಎಂದು ಒಂದೊಂದಕ್ಕೂ ಟಿಕ್ ಹಾಕುತ್ತ ಹೋಗುತ್ತಾರೆ. ಆದರೆ ಒಂದು ಪುಟವನ್ನು ಮಾತ್ರ ಓದಿದರೆ ವಿರೋಧ ಕಾಣಿಸುವುದೇ ಇಲ್ಲ. ಪ್ರತಿ ಪುಟವೂ ತನ್ನಷ್ಟಕ್ಕೆ ತಾನು ಸರಿಯಾಗಿಯೇ ಇರುತ್ತದೆ. ಆದ್ದರಿಂದ ಈ ಆಡಿಟ್ಟಿನಲ್ಲಿ ಎಣಿಸಬೇಕಾದದ್ದು ಹೇಳಿಕೆಗಳನ್ನು. ಬೆಲೆ ಎಷ್ಟು, ಕೋಣೆ ಎಷ್ಟು, ದುಡ್ಡು ವಾಪಸ್ ಯಾವಾಗ, ದಾರಿ ಯಾವುದು ಎಂಬ ಒಂದೊಂದು ಸಂಗತಿಯನ್ನೂ ಹಿಡಿದುಕೊಂಡು, ಅದನ್ನು ಎಲ್ಲೆಲ್ಲಿ ಏನೇನೆಂದು ಹೇಳಲಾಗಿದೆ ಎಂದು ಬೆನ್ನುಹತ್ತಿ ಹೋಗಬೇಕು.

ಇದು ನಡೆಯುವ ಬಗೆಯನ್ನು ತೋರಿಸಲು ಇಲ್ಲಿ ಒಂದು ಹೋಮ್‌ಸ್ಟೇಯನ್ನು ಉದಾಹರಣೆಗೆಂದು ಕಟ್ಟಿಕೊಳ್ಳಲಾಗಿದೆ. ಶಿವಮೊಗ್ಗ ಜಿಲ್ಲೆಯ ಸಾಗರದ ಆಸುಪಾಸಿನ ಅಡಿಕೆ ತೋಟದ ನಡುವೆ ಎಂಟು ಕೋಣೆಗಳ ಮನೆ, 2014ರಲ್ಲಿ ಶುರುವಾದದ್ದು, ಜೋಗ ಮತ್ತು ಸಿಗಂದೂರಿಗೆ ಹೋಗುವವರು ಉಳಿದುಕೊಳ್ಳುವ ಜಾಗ. ಹೋಮ್‌ಸ್ಟೇ ಕಲ್ಪಿತವಾದರೂ ಅದರ ಸುತ್ತ ಬದಲಾದ ಸಂಗತಿಗಳು ನಿಜವಾದವು. ಇಂಥ ಊರನ್ನು ಆರಿಸಿಕೊಳ್ಳಲು ಕಾರಣವೂ ಅದೇ: ಕಳೆದ ಕೆಲವೇ ವರ್ಷಗಳಲ್ಲಿ ಇಲ್ಲಿಗೆ ಬರುವ ದಾರಿಗಳು ಹಲವು ರೀತಿಯಲ್ಲಿ ಬದಲಾಗಿವೆ, ಕೋಣೆಯ ಮೇಲಿನ ತೆರಿಗೆ ಬದಲಾಗಿದೆ, ಆದರೆ 2018ರ ಬ್ರೋಷರು ಇನ್ನೂ ಬಸ್‌ ಸ್ಟ್ಯಾಂಡಿನ ಹೋಟೆಲಿನ ಕೌಂಟರಿನ ಮೇಲೆ ಕೂತಿದೆ.

ಮೊದಲ ಹಂತ ಪಟ್ಟಿ ಮಾಡುವುದು. ಮಾಲೀಕರನ್ನು ಕೇಳಿದರೆ ವೆಬ್‌ಸೈಟಿನಲ್ಲಿ ಹತ್ತು ಹನ್ನೆರಡು ಪುಟಗಳಿವೆ ಎನ್ನುತ್ತಾರೆ, ಏಕೆಂದರೆ ಮೆನುವಿನಲ್ಲಿ ಕಾಣುವುದು ಅಷ್ಟೇ. ಮೆನುವಿನಿಂದ ತೆಗೆದ ಪುಟ ಸರ್ವರಿನಿಂದ ಹೋಗಿರುವುದಿಲ್ಲ. ಸೈಟಿನ ವಿಳಾಸದ ಕೊನೆಗೆ /sitemap.xml ಎಂದು ಸೇರಿಸಿ ನೋಡಿದರೆ ಬಹುತೇಕ ಸೈಟುಗಳ ಪುಟಗಳ ಪೂರ್ಣ ಪಟ್ಟಿ ಸಿಗುತ್ತದೆ. ಸೈಟಿನ ಎಲ್ಲ ಕೊಂಡಿಗಳನ್ನು ತಾನೇ ಹಿಂಬಾಲಿಸಿ ಪಟ್ಟಿ ಮಾಡುವ ಕ್ರಾಲರ್ ತಂತ್ರಾಂಶಗಳೂ ಇವೆ. ಸ್ಕ್ರೀಮಿಂಗ್ ಫ್ರಾಗ್ ಎಂಬುದು 500 ವಿಳಾಸಗಳವರೆಗೆ ಉಚಿತ, ಸಣ್ಣ ಸೈಟಿಗೆ ಅದು ಧಾರಾಳವಾಯಿತು. ಆದರೆ ಯಾವ ಪುಟದಿಂದಲೂ ಕೊಂಡಿಯಿಲ್ಲದ ಅನಾಥ ಪುಟಗಳು ಕ್ರಾಲರಿಗೂ ಸಿಗುವುದಿಲ್ಲ. ಅವುಗಳಿಗೆ ಗೂಗಲ್ ಸರ್ಚ್ ಕನ್ಸೋಲನ್ನು ನೋಡಬೇಕು. ಜನ ಹುಡುಕಿ ಬಂದು ನಿಜವಾಗಿ ಕ್ಲಿಕ್ ಮಾಡುತ್ತಿರುವ ಪುಟಗಳು ಯಾವುವೆಂದು ಅದು ತೋರಿಸುತ್ತದೆ. ಐದು ವರ್ಷದ ಹಿಂದೆ ಕೈಬಿಟ್ಟ ದರಪಟ್ಟಿಯ ಪುಟಕ್ಕೇ ಈಗಲೂ ಜನ ಬರುತ್ತಿದ್ದಾರೆ ಎಂಬುದು ಇಲ್ಲಿ ಗೊತ್ತಾಗುವುದು ಅಪರೂಪವೇನಲ್ಲ.

ಪುಟಗಳಿಗಿಂತ ಹೆಚ್ಚು ಕಾಟ ಕೊಡುವುದು ಪಿಡಿಎಫ್ ಫೈಲುಗಳು. ಹೊಸ ಬ್ರೋಷರ್ ಬಂದಾಗ ಪುಟದಲ್ಲಿರುವ ಕೊಂಡಿಯನ್ನು ಬದಲಿಸುತ್ತಾರೆ, ಹಳೆಯ ಫೈಲು ಇದ್ದಲ್ಲೇ ಇರುತ್ತದೆ. ವರ್ಡ್‌ಪ್ರೆಸ್ ಸೈಟಾದರೆ wp-content/uploads ಎಂಬ ಫೋಲ್ಡರಿನಲ್ಲಿ ವರ್ಷ, ತಿಂಗಳು ಸಮೇತ ಎಲ್ಲವೂ ಜೋಪಾನವಾಗಿ ಕೂತಿರುತ್ತದೆ. ಗೂಗಲ್‌ ಅದನ್ನು ಒಮ್ಮೆ ಕಂಡಿದ್ದರೆ ಹುಡುಕುವವರಿಗೆ ತೋರಿಸುತ್ತಲೇ ಇರುತ್ತದೆ. ಪರೀಕ್ಷಿಸುವುದು ಸುಲಭ. ಗೂಗಲ್ ಹುಡುಕಾಟದ ಪೆಟ್ಟಿಗೆಯಲ್ಲಿ, example.com ಇರುವಲ್ಲಿ ಸ್ವಂತ ಸೈಟಿನ ಹೆಸರು ಹಾಕಿ, ಹೀಗೆ ಬರೆಯಬೇಕು:

```
site:example.com filetype:pdf
```

ನಮ್ಮ ಹೋಮ್‌ಸ್ಟೇ ವಿಷಯದಲ್ಲಿ ಇದು ಮೂರು ಬ್ರೋಷರುಗಳನ್ನು ಹೊರಗೆಳೆಯುತ್ತದೆ: 2016ರದ್ದು, 2018ರದ್ದು, 2022ರದ್ದು. ಮೂರರಲ್ಲೂ ಫೋನ್ ನಂಬರ್ ಒಂದೇ, ಬೆಲೆ ಮಾತ್ರ ಬೇರೆ ಬೇರೆ. ಹಳೆಯ ದರವನ್ನು ತೋರಿಸಿ ‘ನೀವೇ ಬರೆದಿದ್ದೀರಲ್ಲ’ ಎನ್ನುವ ಗ್ರಾಹಕ ಸುಳ್ಳು ಹೇಳುತ್ತಿಲ್ಲ.

ಕನ್ನಡದ ಬ್ರೋಷರುಗಳಲ್ಲಿ ಇನ್ನೊಂದು ತೊಡಕಿದೆ. ಪ್ರೆಸ್ಸುಗಳಲ್ಲಿ ಬಹುಕಾಲ ಕನ್ನಡ ಜೋಡಣೆ ನಡೆದದ್ದು ನುಡಿ, ಬರಹ, ಶ್ರೀಲಿಪಿ ಮುಂತಾದವುಗಳ ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ. ಇವತ್ತಿಗೂ ಅನೇಕ ಕಡೆ ಹಾಗೆಯೇ ನಡೆಯುತ್ತದೆ. ಅಂಥ ಪಿಡಿಎಫ್ ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ‘ಲಾಂಚ್’ ಎಂದು ಹುಡುಕಿದರೆ ಸಿಗುವುದಿಲ್ಲ. ಕಾಪಿ ಮಾಡಿ ಬೇರೆಡೆ ಅಂಟಿಸಿದರೆ ಅರ್ಥವಿಲ್ಲದ ಸಾಲು ಬರುತ್ತದೆ. ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ತಂದುಕೊಳ್ಳಬೇಕು, ಇಲ್ಲವೇ ಕಣ್ಣಲ್ಲೇ ಓದಬೇಕು. ಫೇಸ್‌ಬುಕ್ಕಿನ ಪೋಸ್ಟರುಗಳ ಕತೆಯೂ ಇದೇ: ಅಕ್ಷರಗಳೆಲ್ಲ ಚಿತ್ರದೊಳಗಿರುತ್ತವೆ. ಯೂನಿಕೋಡಿನಲ್ಲೇ ಇದ್ದರೂ ‘ಹೋಂಸ್ಟೇ’, ‘ಹೋಮ್ ಸ್ಟೇ’, ‘ಹೋಮ್‌ಸ್ಟೇ’ ಮೂರೂ ಯಂತ್ರಕ್ಕೆ ಮೂರು ಬೇರೆ ಪದಗಳು. 12 ಎಂದು ಹುಡುಕಿದರೆ ೧೨ ಸಿಗುವ ಭರವಸೆಯಿಲ್ಲ. ಆದ್ದರಿಂದ ಕನ್ನಡ ಸಾಮಗ್ರಿಯ ಆಡಿಟ್ಟಿನಲ್ಲಿ ಹುಡುಕಾಟದ ಮೇಲೆ ಪೂರ್ತಿ ಭಾರ ಹಾಕುವಂತಿಲ್ಲ. ಯಾರಾದರೊಬ್ಬರು ಪ್ರತಿಯೊಂದನ್ನೂ ಓದಿಯೇ ತೀರಬೇಕು.

ಸೋಷಿಯಲ್ ಪುಟಗಳಲ್ಲಿ ಪೋಸ್ಟುಗಳಿಗಿಂತ ಅವುಗಳ ಸುತ್ತಮುತ್ತಲಿನ ಸ್ಥಿರ ಜಾಗಗಳನ್ನು ನೋಡಬೇಕು. ಫೇಸ್‌ಬುಕ್ ಪುಟದ ಪರಿಚಯದ ಭಾಗ, ಮೇಲಿನ ಕವರ್ ಚಿತ್ರದ ಮೇಲಿರುವ ಫೋನ್ ನಂಬರ್, ಇನ್‌ಸ್ಟಾಗ್ರಾಮಿನ ಬಯೋ, ಹೈಲೈಟ್ಸ್ ಎಂಬ ದುಂಡು ಗುಂಡಿಗಳ ಹಿಂದೆ ಅಡಗಿದ ಹಳೆಯ ಸ್ಟೋರಿಗಳು, ಮೇಲೆ ಪಿನ್ ಮಾಡಿಟ್ಟ ಪೋಸ್ಟ್, ವಾಟ್ಸ್‌ಆ್ಯಪ್ ಬಿಸಿನೆಸ್‌ನ ಕ್ಯಾಟಲಾಗ್, ಮೆಸೇಜ್ ಬಂದ ಕೂಡಲೇ ತಾನಾಗಿ ಹೋಗುವ ಸ್ವಾಗತದ ಉತ್ತರ. ಈ ಕೊನೆಯದನ್ನು ಮಾಲೀಕರು ನೋಡಿಯೇ ಇರುವುದಿಲ್ಲ, ಏಕೆಂದರೆ ಅವರಿಗೆ ಅವರು ಮೆಸೇಜ್ ಮಾಡಿಕೊಳ್ಳುವುದಿಲ್ಲ. ಇನ್ನೊಬ್ಬರ ಫೋನಿನಿಂದ ಕಳಿಸಿ ನೋಡಬೇಕು. ಗೂಗಲ್ ಮ್ಯಾಪಿನಲ್ಲಿ ಬರುವ ವಿವರವೂ ಪಟ್ಟಿಗೆ ಸೇರಬೇಕು. ಅಲ್ಲಿ ಯಾರು ಬೇಕಾದರೂ ತಿದ್ದುಪಡಿ ಸೂಚಿಸಬಹುದಾದ್ದರಿಂದ ಮಾಲೀಕರು ಮುಟ್ಟದಿದ್ದರೂ ವಿವರ ಬದಲಾಗಿರಬಹುದು. ಒಂದೇ ಜಾಗಕ್ಕೆ ಎರಡು ಗುರುತುಗಳು ಹುಟ್ಟಿಕೊಂಡಿರುವುದೂ ಉಂಟು. ರೂಮ್ ಬುಕಿಂಗ್ ಸೈಟುಗಳ ವಿವರಣೆ ಕೊನೆಯದು. ಕಂಡದ್ದನ್ನೆಲ್ಲ ದಿನಾಂಕ ಸಹಿತ ಸ್ಕ್ರೀನ್‌ಶಾಟ್ ತೆಗೆದಿಡುವುದು ಒಳ್ಳೆಯದು. ಆಡಿಟ್ ಮುಗಿಯುವಷ್ಟರಲ್ಲಿ ಅವುಗಳಲ್ಲಿ ಕೆಲವು ಬದಲಾಗಿರುತ್ತವೆ.

ಎಲ್ಲವೂ ಕೈಗೆ ಬಂದ ಮೇಲೆ ಹೇಳಿಕೆಗಳ ಪಟ್ಟಿ ಶುರು. ಒಂದು ಸ್ಪ್ರೆಡ್‌ಶೀಟ್ ಸಾಕು. ಮೊದಲ ಕಾಲಂನಲ್ಲಿ ವಿಷಯ (ರದ್ದತಿ ನಿಯಮ, ಮಕ್ಕಳ ವಯಸ್ಸು, ತೆರಿಗೆ), ಎರಡನೆಯದರಲ್ಲಿ ಎಲ್ಲಿ ಹೇಳಿದೆ, ಮೂರನೆಯದರಲ್ಲಿ ಏನು ಹೇಳಿದೆ, ನಾಲ್ಕನೆಯದರಲ್ಲಿ ಅದನ್ನು ಕೊನೆಗೆ ತಿದ್ದಿದ್ದು ಯಾವಾಗ, ಐದನೆಯದರಲ್ಲಿ ಯಾರು ತಿದ್ದಬಲ್ಲರು. ಪ್ರತಿ ಹೇಳಿಕೆಗೂ ಒಂದು ಸಾಲು. ಎಂಟು ಕೋಣೆಯ ಮನೆಗೇ ಇನ್ನೂರರ ಹತ್ತಿರ ಸಾಲುಗಳಾದರೆ ಆಶ್ಚರ್ಯವಿಲ್ಲ. ಮೂರನೆಯ ಕಾಲಂನಲ್ಲಿ ಉದ್ದ ವಾಕ್ಯವನ್ನು ಹಾಗೇ ಇಳಿಸದೆ ಸಾರಾಂಶವನ್ನು ಒಂದೇ ಮಾದರಿಯಲ್ಲಿ ಬರೆದುಕೊಂಡರೆ, ಗೂಗಲ್ ಶೀಟ್ಸ್‌ನಲ್ಲಿ ಈ ಒಂದು ಸೂತ್ರ ವಿರೋಧಗಳನ್ನು ಎತ್ತಿ ತೋರಿಸುತ್ತದೆ:

```
=COUNTUNIQUE(FILTER(C:C, A:A=A2))
```

ಒಂದೇ ವಿಷಯದ ಬಗ್ಗೆ ಎಷ್ಟು ಬಗೆಯ ಉತ್ತರಗಳಿವೆ ಎಂದು ಇದು ಎಣಿಸಿ ಹೇಳುತ್ತದೆ. 1 ಎಂದು ಬಂದರೆ ಎಲ್ಲ ಕಡೆ ಒಂದೇ ಮಾತಿದೆ ಎಂದರ್ಥ. 3 ಎಂದು ಬಂದರೆ ಒಂದೇ ಮನೆ ಮೂರು ಮಾತಾಡುತ್ತಿದೆ. ಆದರೆ 1 ಬಂದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ: ಎಲ್ಲ ಕಡೆಯೂ ಒಂದೇ ತಪ್ಪು ಇರಬಹುದು.

ಹಾಗೆ ಎಲ್ಲ ಕಡೆ ಒಂದೇ ತೆರನಾಗಿ ತಪ್ಪಿರುವುದು ಬಹುಮಟ್ಟಿಗೆ ಹಳತಾದ ಮಾತುಗಳಲ್ಲಿ. ಹೋಮ್‌ಸ್ಟೇಯ ‘ಹತ್ತಿರದ ಸ್ಥಳಗಳು’ ಎಂಬ ಭಾಗವನ್ನೇ ನೋಡಬಹುದು. ಸಿಗಂದೂರಿನ ಚೌಡೇಶ್ವರಿ ದೇವಸ್ಥಾನಕ್ಕೆ ಹೋಗಲು ಶರಾವತಿ ಹಿನ್ನೀರಿನಲ್ಲಿ ಲಾಂಚ್ ದಾಟಬೇಕು, ಸಾಲು ಉದ್ದವಿರುವುದರಿಂದ ಬೆಳಿಗ್ಗೆ ಬೇಗ ಹೊರಡಿ ಎಂದು ಬ್ರೋಷರುಗಳು ಹೇಳುತ್ತವೆ. ಬರೆದ ಕಾಲಕ್ಕೆ ಅದು ನೂರಕ್ಕೆ ನೂರು ನಿಜ, ಉಪಯುಕ್ತ ಸಲಹೆ ಕೂಡ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸುಮಾರು 2.4 ಕಿಲೋಮೀಟರ್ ಉದ್ದದ ಸೇತುವೆ ಉದ್ಘಾಟನೆಯಾದ ಮೇಲೆ ಆ ಸಲಹೆ ಓದುಗನ ದಿನವನ್ನೇ ಹಾಳುಮಾಡಬಲ್ಲದು. ವೆಬ್‌ಸೈಟಿನ ಮುಖಪುಟದಲ್ಲಿ ಯಾರೋ ಸೇತುವೆಯ ಚಿತ್ರ ಹಾಕಿದ್ದಾರೆ. ಅದೇ ಸೈಟಿನ ‘ಎರಡು ದಿನದ ಪ್ರವಾಸ ಯೋಜನೆ’ ಪುಟ ಮಾತ್ರ ಅರ್ಧ ದಿನವನ್ನು ಲಾಂಚಿಗೆಂದೇ ಎತ್ತಿಟ್ಟಿದೆ. ‘ಲಾಂಚ್’ ಎಂಬ ಪದವನ್ನು ಅಳಿಸಿದರೆ ತಿದ್ದುಪಡಿ ಮುಗಿಯಲಿಲ್ಲ. ಆ ಪದದ ಮೇಲೆ ನಿಂತಿದ್ದ ಸಮಯದ ಲೆಕ್ಕ, ಊಟದ ಜಾಗ, ಹೊರಡುವ ಹೊತ್ತು ಎಲ್ಲವೂ ಬದಲಾಗಬೇಕು.

‘ಹತ್ತಿರದ ವಿಮಾನ ನಿಲ್ದಾಣ’ ಎಂಬ ಸಾಲಿನಲ್ಲೂ ಇದೇ ಬಗೆಯ ತಪ್ಪು. ಮೂರೂ ಬ್ರೋಷರುಗಳು ದೂರದ ನಿಲ್ದಾಣಗಳನ್ನು ಹೆಸರಿಸುತ್ತವೆ, ಏಕೆಂದರೆ ಶಿವಮೊಗ್ಗದ ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆಯಾದದ್ದು 2023ರ ಫೆಬ್ರವರಿ 27ರಂದು. ಹೀಗೆ ಹೊರಗಿನ ಪ್ರಪಂಚ ಬದಲಾದದ್ದರಿಂದ ಹಳತಾದ ಮಾತುಗಳು ಹುಡುಕಲು ಕಷ್ಟದವು. ಸಂಸ್ಥೆಯೊಳಗೆ ಯಾವ ಬದಲಾವಣೆಯೂ ಆಗಿರದ ಕಾರಣ ಯಾರಿಗೂ ನೆನಪಾಗುವುದಿಲ್ಲ. ಇವಕ್ಕೆ ಒಂದು ಉಪಾಯವೆಂದರೆ ಹೇಳಿಕೆಗಳ ಪಟ್ಟಿಯಲ್ಲಿ ‘ಇದು ನಮ್ಮ ಕೈಯಲ್ಲಿದೆಯೇ, ಹೊರಗಿನವರ ಕೈಯಲ್ಲಿದೆಯೇ’ ಎಂದು ಗುರುತು ಮಾಡಿ, ಹೊರಗಿನವನ್ನೆಲ್ಲ ಬೇರೆಯಾಗಿ ತೆಗೆದು ಒಂದೊಂದನ್ನೂ ಇಂದಿನ ಸ್ಥಿತಿಗೆ ತಾಳೆ ನೋಡುವುದು.

ತೆರಿಗೆಯದು ಇದಕ್ಕಿಂತ ಸೂಕ್ಷ್ಮ. ಹೋಮ್‌ಸ್ಟೇ ಜಿಎಸ್‌ಟಿ ನೋಂದಣಿ ಪಡೆದಿದೆ ಎಂದುಕೊಳ್ಳೋಣ. 2022ರ ಬ್ರೋಷರಿನಲ್ಲಿ ‘ಕೋಣೆಗೆ ರೂ. 3,500 + ಶೇ. 12 ಜಿಎಸ್‌ಟಿ’ ಎಂದಿದೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗಳ ಮೇಲಿನ ತೆರಿಗೆ ಶೇ. 5ಕ್ಕೆ ಇಳಿಯಿತು. ಹಳೆಯ ಲೆಕ್ಕದಲ್ಲಿ ಗ್ರಾಹಕ ಕೊಡಬೇಕಾದದ್ದು 3,920 ರೂಪಾಯಿ, ಹೊಸ ಲೆಕ್ಕದಲ್ಲಿ 3,675. ವ್ಯತ್ಯಾಸ 245 ರೂಪಾಯಿ. ಆದರೆ ಆಡಿಟ್ ಮಾಡುವವರು 12 ಇದ್ದಲ್ಲೆಲ್ಲ 5 ಎಂದು ತಿದ್ದಿ ಕೈತೊಳೆದುಕೊಳ್ಳುವಂತಿಲ್ಲ. ಹೊಸ ದರದೊಂದಿಗೆ ಒಂದು ಷರತ್ತೂ ಬಂತು: ಮಾಲೀಕರು ತಮ್ಮ ಖರೀದಿಗಳ ಮೇಲೆ ಕಟ್ಟಿದ ತೆರಿಗೆಯನ್ನು ಇದರಲ್ಲಿ ಕಳೆದುಕೊಳ್ಳುವಂತಿಲ್ಲ. ಹಾಗಾಗಿ ಮೂಲ ಬೆಲೆಯನ್ನೇ ಬದಲಿಸಿರುವ ಸಾಧ್ಯತೆಯಿದೆ. ಸರಿಯಾದ ಅಂಕಿಯನ್ನು ಹೇಳಬಲ್ಲವರು ಲೆಕ್ಕಪತ್ರ ನೋಡಿಕೊಳ್ಳುವವರೇ. ಯಾವ ಪುಟವನ್ನು ಎಷ್ಟು ಸಲ ಓದಿದರೂ ಅದು ಸಿಗುವುದಿಲ್ಲ.

ಹಳತಾದ ಮಾತುಗಳಲ್ಲಿ ಇನ್ನೊಂದು ಗುಂಪು ಬರೆದ ದಿನವೇ ಹಳತಾಗಲು ಶುರುವಾಗುವಂಥದ್ದು. ‘ಹೊಸದಾಗಿ ಆರಂಭ’, ‘ಶೀಘ್ರದಲ್ಲೇ ಈಜುಕೊಳ’, ‘ಕಳೆದ ನಾಲ್ಕು ವರ್ಷಗಳಿಂದ ನಿಮ್ಮ ಸೇವೆಯಲ್ಲಿ’ ಎಂಬಂಥವು. 2018ರಲ್ಲಿ ನಾಲ್ಕು ವರ್ಷವಾಗಿದ್ದ ಸಂಸ್ಥೆ ಇವತ್ತಿಗೂ ನಾಲ್ಕೇ ವರ್ಷದ್ದಾಗಿ ಉಳಿದಿರುತ್ತದೆ. ‘2014ರಿಂದ’ ಎಂದು ಬರೆದರೆ ಮತ್ತೆ ತಿದ್ದುವ ಕೆಲಸವಿಲ್ಲ. ‘ವರ್ಷವಿಡೀ ಭೋರ್ಗರೆಯುವ ಜೋಗ’ ಎಂಬ ವಾಕ್ಯ ಬೇರೆ ಜಾತಿಯದು: ಅದು ಹಳತಾದದ್ದಲ್ಲ, ಯಾವತ್ತೂ ನಿಜವಾಗಿರಲಿಲ್ಲ. ಮೇಲೆ ಲಿಂಗನಮಕ್ಕಿ ಅಣೆಕಟ್ಟೆ ನೀರನ್ನು ಹಿಡಿದಿಟ್ಟುಕೊಂಡಿರುವಾಗ ಮಾರ್ಚ್ ತಿಂಗಳಲ್ಲಿ ಬಂದವರಿಗೆ ಕಾಣುವುದು ಬಹುತೇಕ ಕಲ್ಲುಬಂಡೆ. ಜೋಗವನ್ನು ಒಂದು ಪುಟ ‘ದೇಶದ ಅತಿ ಎತ್ತರದ ಜಲಪಾತ’ ಎಂದೂ ಇನ್ನೊಂದು ಪುಟ ‘ಎರಡನೇ ಅತಿ ಎತ್ತರದ’ ಎಂದೂ ಕರೆದಿದ್ದರೆ, ಎರಡನ್ನೂ ಬಿಟ್ಟು ‘253 ಮೀಟರ್’ ಎಂದಷ್ಟೇ ಬರೆಯುವುದು ಲೇಸು. ಅಷ್ಟು ಎತ್ತರದಿಂದ ಬೀಳುವ ನೀರಿಗೆ ವಿಶೇಷಣದ ಊರುಗೋಲು ಬೇಕಿಲ್ಲ.

ಹಾಗೆಂದು ಹಳೆಯದೆಲ್ಲವನ್ನೂ ಅಳಿಸಬೇಕಿಲ್ಲ. ಲಾಂಚಿನಲ್ಲಿ ಹೋಗಿಬಂದ ಅತಿಥಿಗಳ 2019ರ ಫೇಸ್‌ಬುಕ್ ಪೋಸ್ಟ್ ದಿನಾಂಕ ಹೊತ್ತಿರುವ ದಾಖಲೆ. ಓದುವವರು ಅದನ್ನು ಹಿಂದಿನ ಮಾತೆಂದೇ ಓದುತ್ತಾರೆ. ಅದನ್ನೇ ಮೇಲೆ ಪಿನ್ ಮಾಡಿದ್ದರೆ ಅಥವಾ ‘ಸಿಗಂದೂರಿಗೆ ದಾರಿ’ ಎಂಬ ಹೈಲೈಟಿನಲ್ಲಿಟ್ಟಿದ್ದರೆ ಅದು ಇವತ್ತಿನ ಮಾತಾಗುತ್ತದೆ. ಓದುವವರು ಇದನ್ನು ಈಗಿನ ಭರವಸೆಯೆಂದು ಎಣಿಸುತ್ತಾರೆಯೇ ಎಂಬುದೊಂದೇ ಇಲ್ಲಿನ ಒರೆಗಲ್ಲು.

ಪುನರಾವರ್ತನೆಯ ವಿಷಯದಲ್ಲಿ ಅನಗತ್ಯ ಭಯ ಹೆಚ್ಚು. ಒಂದೇ ಬರಹ ಎರಡು ಪುಟಗಳಲ್ಲಿದ್ದರೆ ಗೂಗಲ್ ಶಿಕ್ಷಿಸುತ್ತದೆ ಎಂಬ ಮಾತು ಬಹಳ ಕಾಲದಿಂದ ಚಾಲ್ತಿಯಲ್ಲಿದೆ. ಮೋಸದ ಉದ್ದೇಶವಿಲ್ಲದ ಸಾಮಾನ್ಯ ಸೈಟುಗಳಲ್ಲಿ ಹಾಗಾಗುವುದಿಲ್ಲ; ಅಂಥ ಪುಟಗಳಲ್ಲಿ ಒಂದನ್ನು ಆರಿಸಿ ತೋರಿಸಿ ಉಳಿದವನ್ನು ಬದಿಗಿಡುತ್ತದೆ, ಅಷ್ಟೇ. ತೊಂದರೆಯೆಂದರೆ ಅದು ಆರಿಸುವ ಪುಟ ಮಾಲೀಕರು ಜೋಪಾನ ಮಾಡುತ್ತಿರುವ ಪುಟವೇ ಆಗಿರಬೇಕೆಂದಿಲ್ಲ. ಹೋಮ್‌ಸ್ಟೇಯ ಸೈಟಿನಲ್ಲಿ ‘ಕೋಣೆಗಳು’, ‘ವಸತಿ’, ‘ದರಗಳು’ ಎಂಬ ಮೂರು ಪುಟಗಳು ಬಹುಪಾಲು ಒಂದೇ ಪ್ಯಾರಾಗಳನ್ನು ಹೊತ್ತಿವೆ. ದರ ಏರಿದಾಗ ಮೊದಲಿನೆರಡನ್ನು ತಿದ್ದಿದರು, ಮೂರನೆಯದು ನೆನಪಾಗಲಿಲ್ಲ. ಪುನರಾವರ್ತನೆಯ ನಿಜವಾದ ಅಪಾಯವಿದು: ಇವತ್ತಿನ ನಕಲು ನಾಳಿನ ವಿರೋಧ. ಮೂರನ್ನೂ ಒಂದು ಪುಟವಾಗಿ ಕೂಡಿಸಿ, ಉಳಿದೆರಡರ ವಿಳಾಸಗಳಿಗೆ ಬಂದವರನ್ನು ಇದಕ್ಕೇ ಕಳಿಸುವಂತೆ ಮಾಡಿದರೆ ಸಾಕು.

ಕೆಲವು ಪುನರಾವರ್ತನೆಗಳು ಇರಲೇಬೇಕಾದವು. ಪ್ರತಿ ಪುಟದ ಕೆಳಗೆ ವಿಳಾಸ, ಫೋನ್ ಬೇಕು. ಕನ್ನಡ ಪುಟ, ಇಂಗ್ಲಿಷ್ ಪುಟ ಒಂದೇ ಸಂಗತಿ ಹೇಳುವುದನ್ನು ನಕಲೆಂದು ಯಾರೂ ಎಣಿಸುವುದಿಲ್ಲ. ಆದರೆ ಆಡಿಟ್ಟಿನಲ್ಲಿ ಅತಿ ಹೆಚ್ಚು ತಪ್ಪು ಸಿಗುವ ಜಾಗಗಳಲ್ಲಿ ಈ ಜೋಡಿಯೂ ಒಂದು. ಸೈಟ್ ಕಟ್ಟಿದ ವರ್ಷ ಉತ್ಸಾಹದಿಂದ ಕನ್ನಡ ಪುಟ ಮಾಡಿಸಿರುತ್ತಾರೆ, ಆಮೇಲಿನ ತಿದ್ದುಪಡಿಗಳೆಲ್ಲ ಇಂಗ್ಲಿಷಿಗೆ ಮಾತ್ರ ಹೋಗಿರುತ್ತವೆ. ಇಂಗ್ಲಿಷ್ ಓದಿದವರು ಒಂದು ದರ, ಕನ್ನಡ ಓದಿದವರು ಇನ್ನೊಂದು ದರ ನಂಬಿಕೊಂಡು ಒಂದೇ ಅಂಗಳಕ್ಕೆ ಬಂದಿಳಿಯುತ್ತಾರೆ. ಆದ್ದರಿಂದ ಎರಡು ಭಾಷೆಯ ಪುಟಗಳನ್ನು ಒಬ್ಬರೇ, ಒಂದೇ ಹೊತ್ತಿನಲ್ಲಿ, ಸಾಲು ಸಾಲಾಗಿ ಓದಿ ನೋಡಬೇಕು.

ಇನ್ನು ವಿರೋಧಗಳು. ಇವುಗಳಲ್ಲಿ ಎಲ್ಲವೂ ಒಂದೇ ತೂಕದವಲ್ಲ. ಚೆಕ್‌ಇನ್ ಒಂದು ಕಡೆ ಹನ್ನೆರಡಕ್ಕೆ, ಇನ್ನೊಂದು ಕಡೆ ಒಂದಕ್ಕೆ ಎಂದಿದ್ದರೆ ಅತಿಥಿ ಸ್ವಲ್ಪ ಹೊತ್ತು ಜಗಲಿಯಲ್ಲಿ ಕೂರುತ್ತಾನೆ. ರದ್ದತಿ ನಿಯಮ ಹಾಗಲ್ಲ. ವೆಬ್‌ಸೈಟಿನಲ್ಲಿ ‘ಏಳು ದಿನ ಮೊದಲು ತಿಳಿಸಿದರೆ ಪೂರ್ತಿ ಹಣ ವಾಪಸ್’, ಬ್ರೋಷರಿನಲ್ಲಿ ‘48 ಗಂಟೆ ಮೊದಲು’, ಬುಕಿಂಗ್ ಸೈಟಿನಲ್ಲಿ ‘ಹಣ ವಾಪಸ್ ಇಲ್ಲ’. ಮೂರು ದಿನ ಮೊದಲು ರದ್ದು ಮಾಡಿದ ಅತಿಥಿಗೆ ಒಂದರ ಪ್ರಕಾರ ಪೂರ್ತಿ ಹಣ ಬರಬೇಕು, ಇನ್ನೆರಡರ ಪ್ರಕಾರ ಬರಬಾರದು. ಅವನು ತೋರಿಸುವುದು ತನಗೆ ಅನುಕೂಲವಾದದ್ದನ್ನೇ. ಕರಾರಿನ ಮಾತು ಅಸ್ಪಷ್ಟವಾಗಿದ್ದರೆ ಅದನ್ನು ಬರೆದವರ ವಿರುದ್ಧವಾಗಿಯೇ ಅರ್ಥೈಸಬೇಕು ಎಂಬುದು ನ್ಯಾಯಾಲಯಗಳು ಒಪ್ಪಿದ ಹಳೆಯ ತತ್ವ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸೇವೆಯ ಬಗ್ಗೆ ತಪ್ಪು ವಿವರಣೆ ಕೊಡುವ ಅಥವಾ ಮುಖ್ಯ ಸಂಗತಿಯನ್ನು ಬೇಕೆಂದೇ ಮರೆಮಾಚುವ ಜಾಹೀರಾತು ದಾರಿತಪ್ಪಿಸುವ ಜಾಹೀರಾತೆನಿಸುತ್ತದೆ. ವೆಬ್‌ಸೈಟು, ಕರಪತ್ರ ಎಲ್ಲವೂ ಆ ಕಾಯ್ದೆಯ ‘ಜಾಹೀರಾತು’ ಎಂಬ ವ್ಯಾಪ್ತಿಯೊಳಗೇ ಬರುತ್ತವೆ. ಮುಚ್ಚಿದ ಈಜುಕೊಳದ ಫೋಟೋವನ್ನು ತೆಗೆಯದೆ ಇಟ್ಟುಕೊಂಡವರು ‘ಅದು ಬರೀ ಚಿತ್ರ, ನಾವೇನೂ ಬರೆದಿಲ್ಲ’ ಎಂದು ನುಣುಚಿಕೊಳ್ಳುವುದು ಕಷ್ಟ. ಚಿತ್ರವೂ ಹೇಳಿಕೆಯೇ ಎಂದು ಪಟ್ಟಿಯಲ್ಲಿ ಬರೆದುಕೊಳ್ಳಬೇಕು.

ಹೀಗಾಗಿ ವಿರೋಧಗಳನ್ನು ಕಂಡುಬಂದ ಕ್ರಮದಲ್ಲಿ ಬಿಡಿಸದೆ, ಹಣ, ಸುರಕ್ಷತೆ, ಕಾನೂನುಗಳಿಗೆ ಸಂಬಂಧಿಸಿದವನ್ನು ಮೊದಲು ಎತ್ತಿಕೊಳ್ಳುತ್ತಾರೆ. ಇಲ್ಲಿ ಬರುವ ತೊಡಕು ಬೇರೆ ರೀತಿಯದು. ಮೂರರಲ್ಲಿ ಯಾವುದು ನಿಜ? ಇತ್ತೀಚಿನದೇ ಸರಿ ಎಂದು ಊಹಿಸುವುದು ಸಹಜ, ಆದರೆ ಹೊಸ ಬ್ರೋಷರನ್ನು ಹಳೆಯದರಿಂದಲೇ ನಕಲು ಮಾಡಿರಬಹುದು. ಹೆಚ್ಚು ಕಡೆ ಇರುವುದೇ ಸರಿ ಎನ್ನುವಂತೆಯೂ ಇಲ್ಲ. ಒಂದು ತಪ್ಪನ್ನು ನಾಲ್ಕು ಕಡೆ ಅಂಟಿಸಿದರೆ ಅದಕ್ಕೆ ಬಹುಮತ ಬರುತ್ತದೆ. ಮಾಲೀಕರನ್ನು ಕೇಳಿದರೆ ಅವರು ನಾಲ್ಕನೆಯ ಉತ್ತರ ಕೊಡುವುದೂ ಉಂಟು: ‘ಹಬ್ಬದ ಸಮಯ ಬಿಟ್ಟರೆ ನಾವು ಯಾರನ್ನೂ ಹಿಡಿದುಕೊಳ್ಳುವುದಿಲ್ಲ, ಮುಂದಿನ ಸಲಕ್ಕೆ ಹೊಂದಿಸಿಕೊಡುತ್ತೇವೆ.’ ಅಂದರೆ ನಡೆಯುತ್ತಿರುವ ಪದ್ಧತಿಯನ್ನು ಎಲ್ಲೂ ಬರೆದೇ ಇಲ್ಲ. ಅಡುಗೆಮನೆ, ಕೌಂಟರು, ಫೋನ್ ಎತ್ತುವ ಹುಡುಗ ಎಲ್ಲರನ್ನೂ ಬೇರೆ ಬೇರೆಯಾಗಿ ಕೇಳಿದರೆ ಆಚರಣೆಯಲ್ಲಿರುವ ನಿಯಮ ಯಾವುದೆಂದು ತಿಳಿಯುತ್ತದೆ. ಅದು ಇಲ್ಲದಿದ್ದರೆ ಕೂತು ನಿಯಮವನ್ನೇ ಮಾಡಬೇಕಾಗುತ್ತದೆ. ಬಹಳಷ್ಟು ಆಡಿಟ್ಟುಗಳು ಅರ್ಧಕ್ಕೆ ನಿಲ್ಲುವುದು ಇಲ್ಲೇ, ಏಕೆಂದರೆ ಇಲ್ಲಿಂದ ಮುಂದಿನದು ಬರವಣಿಗೆಯ ಕೆಲಸವಲ್ಲ, ವ್ಯವಹಾರದ ತೀರ್ಮಾನ.

ತೀರ್ಮಾನವಾದ ಸಂಗತಿಗಳನ್ನು ಒಂದೆರಡು ಪುಟದ ಮೂಲ ಪಟ್ಟಿಯಾಗಿ ಬರೆದಿಡುತ್ತಾರೆ: ಕೋಣೆಗಳ ಸಂಖ್ಯೆ, ದರ, ತೆರಿಗೆ, ರದ್ದತಿ, ಮಕ್ಕಳ ವಯಸ್ಸಿನ ಮಿತಿ, ಊಟದಲ್ಲಿ ಸೇರಿದ್ದು ಸೇರದ್ದು, ತಲುಪುವ ದಾರಿ. ಪ್ರತಿಯೊಂದರ ಮುಂದೆ ಅದಕ್ಕೆ ಹೊಣೆಯಾದವರ ಹೆಸರು ಮತ್ತು ಕೊನೆಗೆ ಖಚಿತಪಡಿಸಿಕೊಂಡ ದಿನಾಂಕ. ಇದು ಸಿದ್ಧವಾಗುವ ಮೊದಲೇ ವೆಬ್‌ಸೈಟನ್ನು ತಿದ್ದಲು ಹೊರಟರೆ ಇನ್ನೊಂದು ಹೊಸ ಆವೃತ್ತಿ ಸೃಷ್ಟಿಯಾಗುತ್ತದೆ, ಅಷ್ಟೇ.

ತಿದ್ದುವುದಕ್ಕೂ ಒಂದು ಕ್ರಮವಿದೆ. ಮೊದಲು ವೆಬ್‌ಸೈಟು, ಏಕೆಂದರೆ ಉಳಿದವೆಲ್ಲ ಅದನ್ನೇ ತೋರಿಸುತ್ತವೆ. ಅದರ ಬೆನ್ನಿಗೆ ಗೂಗಲ್ ಮ್ಯಾಪ್ ಮತ್ತು ಬುಕಿಂಗ್ ಸೈಟುಗಳು, ಆಮೇಲೆ ಸೋಷಿಯಲ್ ಪುಟಗಳ ಸ್ಥಿರ ಜಾಗಗಳು. ಹಳೆಯ ಪಿಡಿಎಫ್‌ಗಳನ್ನು ಸುಮ್ಮನೆ ಅಳಿಸಿದರೆ ಹಳೆಯ ಕೊಂಡಿ ಹಿಡಿದು ಬಂದವರಿಗೆ ಖಾಲಿ ಪುಟ ಎದುರಾಗುತ್ತದೆ. ಅದರ ಬದಲು ಹಳೆಯ ವಿಳಾಸಕ್ಕೆ ಬಂದವರನ್ನು ಹೊಸ ಫೈಲಿಗೆ ಕಳಿಸಬಹುದು. ಅಪಾಚೆ ಸರ್ವರಿನಲ್ಲಾದರೆ .htaccess ಎಂಬ ಫೈಲಿನಲ್ಲಿ ಒಂದು ಸಾಲು:

```
Redirect 301 /brochure-2018.pdf /brochure.pdf
```

ಹೊಸ ಫೈಲಿನ ಹೆಸರಿನಲ್ಲಿ ವರ್ಷವಿಲ್ಲದಿರುವುದು ಬೇಕೆಂದೇ ಮಾಡಿದ್ದು. ಮುಂದಿನ ಬ್ರೋಷರನ್ನೂ ಇದೇ ಹೆಸರಿನಲ್ಲಿ, ಇದೇ ಜಾಗದಲ್ಲಿ ಇಟ್ಟರೆ ಈವರೆಗೆ ಹಂಚಿದ ಕೊಂಡಿಗಳೆಲ್ಲ ತಾವಾಗಿಯೇ ಹೊಸದನ್ನು ತೆರೆಯುತ್ತವೆ. ಕೊಂಡಿಯ ಬದಲು ಫೈಲನ್ನೇ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದರೆ ಮಾತ್ರ ಏನೂ ಮಾಡುವಂತಿಲ್ಲ. ಅದು ಯಾರ ಫೋನಿನಲ್ಲಿ ಎಷ್ಟು ವರ್ಷ ಇರುತ್ತದೋ ಗೊತ್ತಿಲ್ಲ. ಗ್ರಾಹಕರಿಗೆ ಕೊಂಡಿಯನ್ನೇ ಕಳಿಸಬೇಕು, ಫೈಲನ್ನಲ್ಲ ಎಂದು ಫೋನ್ ನೋಡಿಕೊಳ್ಳುವವರಿಗೆ ಹೇಳಿಡಬೇಕಾದದ್ದು ಇದಕ್ಕೇ.

ಮುದ್ರಿತ ಸಾಮಗ್ರಿ ಕೊನೆಗೆ. ಗೋಣಿಚೀಲದಲ್ಲಿ ಉಳಿದ ಹಳೆಯ ಬ್ರೋಷರುಗಳನ್ನು ಎಣಿಸಿ, ತಪ್ಪು ಒಂದೇ ಸಾಲಿನದಾದರೆ ಮೇಲೆ ಸ್ಟಿಕ್ಕರ್ ಅಂಟಿಸಬಹುದು. ಬೆಲೆ, ದಾರಿ, ರದ್ದತಿ ಮೂರೂ ತಪ್ಪಿದ್ದರೆ ರದ್ದಿಗೆ ಹಾಕುವುದೇ ಅಗ್ಗ. ಅದರಲ್ಲಿ ಕ್ಯೂಆರ್ ಕೋಡ್ ಇದ್ದರೆ ಫೋನಿನಲ್ಲಿ ಸ್ಕ್ಯಾನ್ ಮಾಡಿ ಎಲ್ಲಿಗೆ ಒಯ್ಯುತ್ತದೆ ನೋಡಬೇಕು. ಯಾವುದೋ ಕ್ಯೂಆರ್ ಸೇವೆಯ ಮೂಲಕ ಮಾಡಿಸಿದ ಕೋಡುಗಳು ಚಂದಾ ಮುಗಿದ ಮೇಲೆ ಸತ್ತುಹೋಗಿರಬಹುದು. ಹೊಸದಾಗಿ ಮುದ್ರಿಸುವಾಗ ಬೇಗ ಬದಲಾಗುವ ಅಂಕಿಗಳನ್ನು ಕಾಗದದಿಂದ ಹೊರಗಿಟ್ಟು, ಸ್ವಂತ ಸೈಟಿನ ದರದ ಪುಟಕ್ಕೆ ನೇರವಾಗಿ ಒಯ್ಯುವ ಕೋಡ್ ಹಾಕಿ, ಮೂಲೆಯಲ್ಲಿ ಮುದ್ರಣದ ತಿಂಗಳು, ವರ್ಷ ಹಾಕಿದರೆ ಮುಂದಿನ ಆಡಿಟ್ ಮಾಡುವವರಿಗೆ ಅರ್ಧ ಕೆಲಸ ಉಳಿಯುತ್ತದೆ.

ಮತ್ತೆ ಯಾವಾಗ ನೋಡಬೇಕು ಎಂಬುದಕ್ಕೆ ವರ್ಷಕ್ಕೊಮ್ಮೆ ಎಂಬ ಉತ್ತರ ಸಾಮಾನ್ಯವಾಗಿ ಸಿಗುತ್ತದೆ. ಪೂರ್ತಿ ಆಡಿಟ್ಟಿಗೆ ಅದು ಸರಿ. ಇಂಥ ಹೋಮ್‌ಸ್ಟೇಗೆ ಮಳೆಗಾಲದ ಪ್ರವಾಸಿಗರು ಶುರುವಾಗುವ ಮುಂಚಿನ ಮೇ ತಿಂಗಳು ಅನುಕೂಲ. ಆದರೆ ತೆರಿಗೆ ಬದಲಾಗುವುದು, ಸೇತುವೆ ತೆರೆಯುವುದು, ಕೋಣೆ ಸೇರುವುದು, ಫೋನ್ ನಂಬರ್ ಬದಲಾಗುವುದು ಮೇ ತಿಂಗಳಿಗೆ ಕಾಯುವುದಿಲ್ಲ. ಅಂಥ ದಿನ ಮೊದಲು ಮೂಲ ಪಟ್ಟಿಯನ್ನು ತಿದ್ದಿ, ಬಳಿಕ ಹೇಳಿಕೆಗಳ ಶೀಟಿನಲ್ಲಿ ಆ ವಿಷಯವನ್ನು ಫಿಲ್ಟರ್ ಮಾಡಿದರೆ ಅದು ಎಲ್ಲೆಲ್ಲಿ ಕೂತಿದೆ ಎಂಬ ವಿಳಾಸಗಳೆಲ್ಲ ಒಟ್ಟಿಗೆ ಬರುತ್ತವೆ. ‘ತೆರಿಗೆ’ ಎಂದು ಆರಿಸಿದರೆ ಹೋಮ್‌ಸ್ಟೇಯ ಶೀಟು ತೋರಿಸುವುದು ಏಳು ಸಾಲು: ಇಂಗ್ಲಿಷ್ ದರಪುಟ, ಕನ್ನಡ ದರಪುಟ, ಬ್ರೋಷರ್, ವಾಟ್ಸ್‌ಆ್ಯಪ್ ಕ್ಯಾಟಲಾಗ್, ಸ್ವಾಗತದ ಮೆಸೇಜು, ಎರಡು ಬುಕಿಂಗ್ ಸೈಟುಗಳು. ಕೂತರೆ ಒಂದು ಮಧ್ಯಾಹ್ನದ ಕೆಲಸ. ಬುಕಿಂಗ್ ಸೈಟಿನವರು ತಿದ್ದುಪಡಿಯನ್ನು ಒಪ್ಪಿ ಪ್ರಕಟಿಸಿದ್ದಾರೆಯೇ ಎಂದು ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ತೆರೆದು ನೋಡಬೇಕು.